ಉಚಿತ ಕೋಡಿಂಗ್ ಕಾರ್ಯಾಗಾರ: ಒಂದೇ ಪೋಸ್ಟರ್ ಎರಡು ಸಲ ಬರೆದ ಕತೆ

ನಮ್ಮ ಕ್ಲಬ್ಬಿನ ಮೊದಲ ಪೋಸ್ಟರ್ ನೋಡೋಕೆ ಚೆನ್ನಾಗೇ ಇತ್ತು. ಕಪ್ಪು ಹಿನ್ನೆಲೆ, ಹಸಿರು ಅಕ್ಷರ, ಮೂಲೆಯಲ್ಲಿ ಒಂದು ರೋಬೋ, ಕೆಳಗೆ ದೊಡ್ಡ ಕ್ಯೂಆರ್ ಕೋಡ್. ಪೂರ್ತಿ ಇಂಗ್ಲಿಷ್. ಶಾಲಾ ಮಕ್ಕಳಿಗೆ ಒಂದು ದಿನದ ಉಚಿತ ಕೋಡಿಂಗ್ ಕಾರ್ಯಾಗಾರ, ಅಕ್ಟೋಬರ್ 27, ಭಾನುವಾರ, ಬೆಳಿಗ್ಗೆ 9ರಿಂದ ಸಂಜೆ 5:30. ಪೈಥಾನ್, ವೆಬ್ ಡಿಸೈನ್, ಆ್ಯಪ್ ತಯಾರಿಕೆ, ರೊಬೊಟಿಕ್ಸ್, ನಾಲ್ಕೂ ಕಲಿಸ್ತೀವಿ. ಲ್ಯಾಪ್‌ಟಾಪ್ ತನ್ನಿ. ಸರ್ಟಿಫಿಕೇಟ್ ಕೊಡ್ತೀವಿ. ತೀರಾ ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ನನ್ನ ನಂಬರ್.

ಇದು 2024ರ ಮಾತು. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನಾಗ ಕೊನೇ ವರ್ಷ, ಟೆಕ್ನಿಕಲ್ ಕ್ಲಬ್ಬಿನ ಸೆಕ್ರೆಟರಿ. ಪೋಸ್ಟರಿನ ಮಾತುಗಳು ನನ್ನವೇ, ಹಾಗಾಗಿ ಮುಂದೆ ಬೈಯೋದೆಲ್ಲ ನನ್ನನ್ನೇ ಬೈಯೋದು. ದಸರಾ ರಜೆ ಮುಗಿದ ಮೇಲೆ, ಅಕ್ಟೋಬರ್ 21ರ ಸೋಮವಾರ ಅದನ್ನು ವಾಟ್ಸಾಪ್ ಗುಂಪುಗಳಿಗೆ ಬಿಟ್ಟೆವು. ಕಾರ್ಯಕ್ರಮಕ್ಕೆ ಆರೇ ದಿನ. ಐವತ್ತು ಜಾಗ ಒಂದೇ ರಾತ್ರಿಯಲ್ಲಿ ತುಂಬಿಬಿಟ್ಟರೆ ಬಾಕಿಯವರಿಗೆ ಏನು ಹೇಳೋದು ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು.

ಬುಧವಾರ ಸಂಜೆ ಫಾರಂ ತೆರೆದು ನೋಡಿದರೆ ಐದು ಹೆಸರು. ಅದರಲ್ಲಿ ಎರಡು, ಸರಿಯಾಗಿ ಕೆಲಸ ಮಾಡುತ್ತಾ ಅಂತ ನೋಡೋಕೆ ಜೂನಿಯರ್‌ಗಳೇ ತುಂಬಿದ್ದು. ಒಂದು ನಮ್ಮ ವಿಭಾಗದ ಮೇಡಂ ಒಬ್ಬರ ಮಗ.

ಅವತ್ತು ರಾತ್ರಿಯೇ ಒಂದು ಫೋನ್ ಬಂತು. ಆಲೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ಎಚ್ಎಂ. ಪೋಸ್ಟರ್ ಯಾರದೋ ಮೂಲಕ ಅವರಿಗೆ ತಲುಪಿತ್ತು.

"ಏನಪ್ಪಾ, ಉಚಿತ ಅಂತ ಹಾಕಿ ಕೆಳಗೆ ಲ್ಯಾಪ್‌ಟಾಪ್ ತನ್ನಿ ಅಂತೀರಲ್ಲ. ನಮ್ಮ ಒಂಬತ್ತನೇ ಕ್ಲಾಸಲ್ಲಿ ನಲವತ್ತೊಂದು ಮಕ್ಕಳಿದ್ದಾರೆ. ಲ್ಯಾಪ್‌ಟಾಪ್ ಇರೋ ಮನೆ ಒಂದೂ ಇಲ್ಲ. ನಾನು ಯಾರಿಗೆ ಹೇಳಲಿ?"

"ಇಲ್ಲ ಸರ್, ಲ್ಯಾಬಲ್ಲಿ ಸಿಸ್ಟಮ್ ಇವೆ ಸರ್. ಇಲ್ಲದವರಿಗೆ ಅಲ್ಲೇ ಕೊಡ್ತೀವಿ."

"ಅದನ್ನ ಎಲ್ಲಿ ಬರೆದಿದ್ದೀರಿ?"

ಎಲ್ಲೂ ಬರೆದಿರಲಿಲ್ಲ.

"ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ಹಾಸನಾಂಬ ಬಾಗಿಲು ತೆಗೀತಾರೆ. ಭಾನುವಾರ ಹಾಸನದ ಬಸ್ಸಿಗೆ ಮಕ್ಕಳನ್ನ ಹತ್ತಿಸೋಕಾಗುತ್ತಾ? ನೀವು ಯಾವ ಊರಿನವರು?"

ನಾನು ಹಾಸನದವನೇ. ಅದನ್ನು ಹೇಳೋಕೆ ನಾಚಿಕೆಯಾಯಿತು. ಹಾಸನಾಂಬ ದೇವಸ್ಥಾನ ವರ್ಷಕ್ಕೆ ಒಂದೇ ಸಲ ತೆಗೆಯೋದು, ಆಶ್ವಯುಜ ಹುಣ್ಣಿಮೆ ಆದ ಮೇಲಿನ ಗುರುವಾರದಿಂದ ಬಲಿಪಾಡ್ಯಮಿ ಮುಗಿಯೋವರೆಗೆ. ಆ ದಿನಗಳಲ್ಲಿ ಪೇಟೆಯೊಳಗೆ ಕಾಲಿಡೋಕೆ ಜಾಗ ಇರಲ್ಲ, ಬಸ್ಸಲ್ಲಿ ಬಾಗಿಲವರೆಗೂ ಜನ. ಚಿಕ್ಕವನಿದ್ದಾಗಿನಿಂದ ನೋಡಿದ್ದೀನಿ. ಆದರೂ ತಾರೀಖು ಹಾಕುವಾಗ ನಾನು ನೋಡಿದ್ದು ಕಾಲೇಜಿನ ಇಂಟರ್ನಲ್ಸ್ ಟೈಮ್‌ಟೇಬಲ್ ಮಾತ್ರ.

ಮಾರನೇ ದಿನ ಫ್ಯಾಕಲ್ಟಿ ಕೋಆರ್ಡಿನೇಟರ್ ಮೇಡಂ ಹತ್ತಿರ ಹೋಗಿ ತಾರೀಖು ಮುಂದಕ್ಕೆ ಹಾಕಿಸಿಕೊಂಡು ಬಂದೆವು. ಗುಂಪುಗಳಿಗೆಲ್ಲ "ಮುಂದೂಡಲಾಗಿದೆ" ಅಂತ ಒಂದು ಸಾಲು ಹಾಕಿದೆವು. ಅಲ್ಲಿಗೆ ಮುಗೀತು ಅಂದುಕೊಂಡೆವು, ಮುಗಿದಿರಲಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಆ ಪೋಸ್ಟರಿನಲ್ಲಿ ಏನೇನು ತಪ್ಪಿತ್ತು ಅಂತ ನೋಡೋಣ. ಲ್ಯಾಪ್‌ಟಾಪ್ ಸಾಲು ಎಲ್ಲಿಂದ ಬಂತು ಅಂತ ಹುಡುಕಿದೆ. ನಾವೇ ಮಾರ್ಚ್‌ನಲ್ಲಿ ನಡೆಸಿದ ಹ್ಯಾಕಥಾನ್ ಪೋಸ್ಟರಿನಿಂದ. ಕಾಪಿ ಮಾಡಿ, ತಾರೀಖು ಬದಲಿಸಿ, "ಶಾಲಾ ಮಕ್ಕಳಿಗೆ" ಅಂತ ಸೇರಿಸಿದ್ದೆವು, ಅಷ್ಟೇ. ಎಂಜಿನಿಯರಿಂಗ್ ಹುಡುಗರಿಗೆ ಬರೆದದ್ದನ್ನು ಎಂಟನೇ ಕ್ಲಾಸಿನ ಮಗುವಿನ ಅಪ್ಪ ಓದುತ್ತಿದ್ದ.

ಗೂಗಲ್ ಫಾರಂ ಕೂಡ ಅಲ್ಲಿಂದಲೇ ಬಂದದ್ದು. ಹದಿನಾಲ್ಕು ಪ್ರಶ್ನೆ. ಇಮೇಲ್ ಐಡಿ, ಕಾಲೇಜಿನ ಯುಎಸ್ಎನ್ ಬದಲು ಶಾಲೆಯ ರೋಲ್ ನಂಬರ್, ಫೋಟೋ ಅಪ್‌ಲೋಡ್, ಹುಟ್ಟಿದ ತಾರೀಖು, ಮನೆ ವಿಳಾಸ, "ನಿಮಗೆ ಯಾವ ಪ್ರೋಗ್ರಾಮಿಂಗ್ ಭಾಷೆ ಗೊತ್ತು". ಫೋಟೋ ಅಪ್‌ಲೋಡ್ ಮಾಡುವ ಪ್ರಶ್ನೆ ಒಂದಿದ್ದರೆ ಸಾಕು, ಗೂಗಲ್ ಅಕೌಂಟಿಗೆ ಸೈನ್ ಇನ್ ಆಗದೆ ಆ ಫಾರಂ ತುಂಬೋಕೆ ಬರಲ್ಲ. ಅದರ ಮೇಲೆ ಸೆಟ್ಟಿಂಗ್‌ನಲ್ಲಿ `Limit to 1 response` ಆನ್ ಆಗಿತ್ತು. ಅದಕ್ಕೂ ಸೈನ್ ಇನ್ ಬೇಕು, ಒಂದು ಅಕೌಂಟಿಗೆ ಒಂದೇ ಸಲ. ಹ್ಯಾಕಥಾನ್‌ಗೆ ಅದು ಸರಿ. ಆದರೆ ಅಕ್ಕ ತಂಗಿ ಇಬ್ಬರಿದ್ದು ಮನೆಯಲ್ಲಿ ಅಪ್ಪನದೊಂದೇ ಫೋನ್ ಇದ್ದರೆ? ಅಕ್ಕನ ಹೆಸರು ಹಾಕಿದ ಮೇಲೆ ತಂಗಿಗೆ ಬಾಗಿಲು ಮುಚ್ಚಿತು. ಹೀಗೆ ಆಗಿದ್ದು ನಮಗೆ ಗೊತ್ತಾಗಿದ್ದೇ ಆಮೇಲೆ, ಅರಸೀಕೆರೆಯ ಒಬ್ಬ ತಾಯಿ ಹೇಳಿದಾಗ. ಫಾರಂ ನಮಗೆ ಹೇಳಲಿಲ್ಲ. ತುಂಬಿದವರ ಲೆಕ್ಕ ಅದು ಕೊಡುತ್ತೆ, ಅರ್ಧಕ್ಕೆ ಬಿಟ್ಟು ಹೋದವರ ಲೆಕ್ಕ ಕೊಡಲ್ಲ.

ಇನ್ನು ಹುಟ್ಟಿದ ತಾರೀಖು, ವಿಳಾಸ, ಫೋಟೋ ನಮಗೆ ಯಾಕೆ ಬೇಕಿತ್ತು? ಏನಕ್ಕೂ ಇಲ್ಲ, ಸುಮ್ನೆ. 18 ವರ್ಷದೊಳಗಿನವರ ಮಾಹಿತಿ ತೆಗೆದುಕೊಳ್ಳೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲೇ ಇದೆ. ನಾವು ಕಾನೂನು ನೋಡಿ ಹೆದರಿ ತೆಗೆದದ್ದಲ್ಲ, ಬಿಡಿ. ಬಳಸದ ಮಾಹಿತಿ ಕೇಳಿ ಜನರನ್ನು ಓಡಿಸುತ್ತಿದ್ದೇವೆ ಅಂತ ಅರ್ಥವಾಗಿ ತೆಗೆದದ್ದು.

ಕ್ಯೂಆರ್ ಕೋಡ್ ವಿಷಯ ಇನ್ನೂ ತಮಾಷೆ. ಗೋಡೆಗೆ ಅಂಟಿಸಿದ ಪೋಸ್ಟರ್ ಆದರೆ ಫೋನ್ ಹಿಡಿದು ಸ್ಕ್ಯಾನ್ ಮಾಡಬಹುದು. ನಾವು ಕಳಿಸಿದ್ದು ಫೋನಿಗೇ. ಪೋಸ್ಟರ್ ಇರೋದೂ ಅದೇ ಫೋನಿನಲ್ಲಿ, ಸ್ಕ್ಯಾನ್ ಮಾಡಬೇಕಾಗಿರೋದೂ ಅದೇ ಫೋನಿನಿಂದ. ಚಿತ್ರದೊಳಗಿನ ಕೋಡ್ ಓದಿಸುವ ದಾರಿ ಇದೆ, ಗೊತ್ತಿರುವವರು ಮಾಡ್ತಾರೆ. ಊರಲ್ಲಿ ಹತ್ತರಲ್ಲಿ ಎಷ್ಟು ಜನ ಮಾಡ್ತಾರೆ ನೀವೇ ಹೇಳಿ. ಲಿಂಕ್ ಆದರೂ ಪಕ್ಕದಲ್ಲಿ ಹಾಕಿರಲಿಲ್ಲ. ನನ್ನ ನಂಬರ್ ಚಿತ್ರದ ಒಳಗೆ ಇತ್ತು, ಹಾಗಾಗಿ ಅದನ್ನು ಒತ್ತಿದರೆ ಫೋನ್ ಹೋಗಲ್ಲ, ನೋಡಿಕೊಂಡು ಟೈಪ್ ಮಾಡಬೇಕು. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಕಳಿಸೋದರಿಂದ ಆ ಸಣ್ಣ ಅಕ್ಷರದ 3 ಯಾವುದು 8 ಯಾವುದು ಅಂತ ನನಗೇ ತಿಳಿಯುತ್ತಿರಲಿಲ್ಲ.

ಈಗ ಅಕ್ಟೋಬರ್ 27ಕ್ಕೆ ಬರ್ತೀನಿ. ಆ ಭಾನುವಾರ ಕಾರ್ಯಾಗಾರ ಇಲ್ಲ, ಆದರೂ ನಾನು, ಇಬ್ಬರು ಜೂನಿಯರ್‌ಗಳು ಲ್ಯಾಬಿನ ಬೀಗ ತೆಗೆಸಿಕೊಂಡು ಕೂತಿದ್ದೆವು. ಸಿಸ್ಟಮ್‌ಗಳಿಗೆ ಸ್ಕ್ರ್ಯಾಚ್ ಹಾಕಬೇಕಿತ್ತು. ಸ್ಕ್ರ್ಯಾಚ್ ಅಂದರೆ ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್ 2007ರಲ್ಲಿ ಮಕ್ಕಳಿಗಾಗಿ ಬಿಡುಗಡೆ ಮಾಡಿದ್ದು, ಕೋಡ್ ಟೈಪ್ ಮಾಡೋ ಬದಲು ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಆಗುತ್ತೆ. ಬ್ರೌಸರ್‌ನಲ್ಲೂ ನಡೆಯುತ್ತೆ, ಆದರೆ ಒಂದೇ ಸಲ ಇಪ್ಪತ್ತೈದು ಸಿಸ್ಟಮ್‌ನಲ್ಲಿ ತೆರೆದರೆ ನಮ್ಮ ಲ್ಯಾಬಿನ ಇಂಟರ್ನೆಟ್ ಏನಾಗುತ್ತೆ ಅಂತ ನಮಗೆ ಗೊತ್ತಿತ್ತು. ಅದಕ್ಕೆ ಇಂಟರ್ನೆಟ್ ಇಲ್ಲದೆ ನಡೆಯುವ ಡೆಸ್ಕ್‌ಟಾಪ್ ಆವೃತ್ತಿಯನ್ನು ಪೆನ್‌ಡ್ರೈವ್‌ನಲ್ಲಿ ತಂದಿದ್ದೆವು. ಅಲ್ಲೊಂದು ಎಡವಟ್ಟು. ಅದು ವಿಂಡೋಸ್‌ಗೆ ಸಿಗುತ್ತೆ, ವಿಂಡೋಸ್ ಬದಲು ಹಾಕಿಕೊಳ್ಳುವ ಉಬುಂಟುಗೆ ಅವರ ಕಡೆಯಿಂದ ಇಲ್ಲ. ಮೂವತ್ತು ಸಿಸ್ಟಮ್‌ನಲ್ಲಿ ಅರ್ಧದಷ್ಟು ಉಬುಂಟುವಿನಲ್ಲಿ ಇದ್ದವು. ಒಂದೊಂದನ್ನೂ ರೀಸ್ಟಾರ್ಟ್ ಮಾಡಿ ವಿಂಡೋಸ್‌ಗೆ ತರಬೇಕಾಯಿತು. ಮೂರು ಆನ್ ಆಗಲೇ ಇಲ್ಲ.

ಹತ್ತೂವರೆ ಹೊತ್ತಿಗೆ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಬಿಳಿ ಶರ್ಟು, ಹಣೆ ತುಂಬ ಕುಂಕುಮ, ಕೈಯಲ್ಲಿ ಪ್ರಸಾದದ ಕವರ್. ಹಿಂದೆ ಎರಡು ಜಡೆ ಹಾಕಿಕೊಂಡ ಒಬ್ಬಳು ಹುಡುಗಿ. ಬೇಲೂರು ತಾಲ್ಲೂಕಿನ ಒಂದು ಹಳ್ಳಿಯವರು. ಬೆಳಗಿನ ಜಾವವೇ ಬಂದು ಸಾಲಲ್ಲಿ ನಿಂತು ದರ್ಶನ ಮುಗಿಸಿ ನೇರ ಇಲ್ಲಿಗೆ ಬಂದಿದ್ದರು.

"ಕಂಪ್ಯೂಟರ್ ಕ್ಲಾಸು ಇಲ್ಲೇ ಅಲ್ವಾ?" ಅಂತ ಫೋನ್ ತೋರಿಸಿದರು. ನಮ್ಮ ಕಪ್ಪು ಪೋಸ್ಟರ್.

ಮುಂದೂಡಿದ ಸಾಲು ಅವರಿಗೆ ತಲುಪೇ ಇರಲಿಲ್ಲ. ಪೋಸ್ಟರನ್ನು ಅವರ ತಂಗಿಯ ಗಂಡ ಕಳಿಸಿದ್ದು, ಅವರಿಗೆ ಇನ್ಯಾರೋ. ನಾವು ಮುಂದೂಡಿದ್ದು ನಾವಿರುವ ಗುಂಪುಗಳಲ್ಲಿ ಮಾತ್ರ. ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದೊಳಗೆ ಮೆಸೇಜ್ ತಿದ್ದಬಹುದು, ಆದರೆ ಅಷ್ಟರಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ಹಳೇದಾಗೇ ಉಳಿಯುತ್ತೆ. ಪೋಸ್ಟರ್ ಒಂದು ಸಲ ಕೈಬಿಟ್ಟರೆ ಮುಗೀತು, ವಾಪಸ್ ಕರೆಯೋಕೆ ಆಗಲ್ಲ.

ಇವತ್ತಿಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಜೂನಿಯರ್ ಹುಡುಗಿ ನನ್ನನ್ನು ಕೇಳದೇನೇ "ಬಾ ಪುಟ್ಟ, ಕೂತ್ಕೋ" ಅಂತ ಕುರ್ಚಿ ಎಳೆದಳು. ಅವತ್ತು ಆ ಎಂಟನೇ ಕ್ಲಾಸಿನ ಮಗು ಬರದೇ ಇದ್ದಿದ್ದರೆ ನಮ್ಮ ಕಾರ್ಯಾಗಾರ ಖಂಡಿತ ಹಾಳಾಗುತ್ತಿತ್ತು.

ಅವಳು ಮೊದಲು ಮಾಡಿದ್ದೇ ಮಾನಿಟರ್ ಮೇಲೆ ಬೆರಳಿಟ್ಟು ತಳ್ಳಿದ್ದು. ಫೋನಿನ ಅಭ್ಯಾಸ. ಮೌಸ್ ಕೊಟ್ಟೆವು. ಕ್ಲಿಕ್ ಮಾಡೋದು ಎರಡು ನಿಮಿಷದಲ್ಲಿ ಬಂತು, ಆದರೆ ಒತ್ತಿ ಹಿಡಿದುಕೊಂಡೇ ಎಳೆಯೋದು ಬರಲಿಲ್ಲ. ಸ್ಕ್ರ್ಯಾಚ್‌ನಲ್ಲಿ ಎಲ್ಲ ಕೆಲಸವೂ ಎಳೆಯೋದೇ. ಅರ್ಧ ದಾರಿಯಲ್ಲಿ ಬೆರಳು ಸಡಿಲ ಆಗಿ ತುಂಡು ಎಲ್ಲೋ ಬಿದ್ದುಬಿಡುತ್ತಿತ್ತು. ಇದಕ್ಕೇ ಇಪ್ಪತ್ತು ನಿಮಿಷ ಹೋಯಿತು.

ಮಾಡಿಸಿದ್ದು ಸೇಬು ಹಿಡಿಯುವ ಆಟ. ಮೇಲಿಂದ ಸೇಬು ಬೀಳುತ್ತೆ, ಕೆಳಗೆ ಬಟ್ಟಲನ್ನು ಬಾಣದ ಕೀಲಿಯಿಂದ ಆ ಕಡೆ ಈ ಕಡೆ ಓಡಿಸಿ ಹಿಡಿಯಬೇಕು. ಬಟ್ಟಲು ಬಲಕ್ಕೆ ಹೋಗೋಕೆ ಇಷ್ಟು ಸಾಕು:

```
when flag clicked
forever
  if <key (right arrow) pressed?> then
    change x by (10)
```

ಅವಳು ಎಲ್ಲ ಜೋಡಿಸಿದಳು, ಹಸಿರು ಬಾವುಟ ಒತ್ತಿದಳು, ಬಟ್ಟಲು ಅಲುಗಾಡಲಿಲ್ಲ. ನಾವು ಮೂರು ಜನ ಇಣುಕಿ ನೋಡಿದರೂ ಕೋಡ್ ಸರಿಯಾಗೇ ಇತ್ತು. ಆಮೇಲೆ ಗೊತ್ತಾಯಿತು, `forever` ತುಂಡು ಮೇಲಿನದಕ್ಕೆ ತಾಗಿದ ಹಾಗೆ ಕಾಣುತ್ತಿತ್ತು, ಅಂಟಿರಲಿಲ್ಲ. ಕೂದಲೆಳೆಯಷ್ಟು ಸಂದಿ. ಇದನ್ನು ಪತ್ತೆ ಮಾಡೋದು ಸುಲಭ. ಎಲ್ಲಕ್ಕಿಂತ ಮೇಲಿನ ತುಂಡನ್ನು ಹಿಡಿದು ಎಳೆದು ನೋಡಬೇಕು. ರೈಲಿನ ಬೋಗಿಗಳ ಹಾಗೆ ಎಲ್ಲ ಹಿಂದೆ ಬಂದರೆ ಅಂಟಿದೆ, ಇಂಜಿನ್ ಒಂದೇ ಬಂದರೆ ಇಲ್ಲ. ಕಾರ್ಯಾಗಾರದ ದಿನ ಮಕ್ಕಳು ಕೈಯೆತ್ತಿದ ಹತ್ತು ಸಲದಲ್ಲಿ ಆರು ಸಲ ಇದೇ ತೊಂದರೆ, ಆಗ ಈ ರೈಲಿನ ಮಾತು ಬಹಳ ಉಪಯೋಗಕ್ಕೆ ಬಂತು.

ಎಡಕ್ಕೆ ಹೋಗೋಕೆ `change x by (-10)`. "ಮೈನಸ್ ಯಾಕೆ ಅಕ್ಕ?" ಅಂದಳು. ಸ್ಕ್ರ್ಯಾಚ್‌ನ ಪರದೆಯ ನಡುಮಧ್ಯ ಸೊನ್ನೆ. ಬಲ ತುದಿ 240, ಎಡ ತುದಿ -240. ಮೇಲೆ 180, ಕೆಳಗೆ -180. ಬಟ್ಟಲನ್ನು ಎಳೆದಾಡುತ್ತಾ ಕೆಳಗಿನ ಅಂಕಿ ಬದಲಾಗೋದು ನೋಡಿದಳು, ಸೊನ್ನೆ ದಾಟಿ ಮೈನಸ್ ಬಂದಾಗ "ಓ, ನಂಬರ್ ಲೈನು" ಅಂದಳು. ಲೆಕ್ಕದ ಪುಸ್ತಕದಲ್ಲಿ ಅಷ್ಟು ಹೊತ್ತಿಗಾಗಲೇ ಮಾಡಿದ್ದಳು. ಯಾವ ತರಗತಿಯಿಂದ ಮಕ್ಕಳನ್ನು ಕರೆಯಬೇಕು ಅನ್ನೋದಕ್ಕೆ ನಮಗೆ ಉತ್ತರ ಸಿಕ್ಕಿದ್ದು ಅಲ್ಲಿ. ಮೈನಸ್ ಸಂಖ್ಯೆ ಗೊತ್ತಿರಬೇಕು, ಅಂದರೆ ಏಳನೇ ಕ್ಲಾಸಿನಿಂದ ಮೇಲೆ. ಮೊದಲ ಪೋಸ್ಟರಿನಲ್ಲಿ ಬರೀ "ಶಾಲಾ ಮಕ್ಕಳು" ಅಂತ ಇತ್ತು, ಒಂದನೇ ಕ್ಲಾಸಿನ ಮಗುವೂ ಶಾಲಾ ಮಗುವೇ. ಹತ್ತನೇ ಕ್ಲಾಸನ್ನು ಎಸ್ಎಸ್ಎಲ್‌ಸಿ ಸ್ಪೆಷಲ್ ಕ್ಲಾಸ್ ಅಂತ ಬಿಟ್ಟೆವು.

ಆಟ ಮುಗಿದಾಗ ಒಂದೂಕಾಲು. ಒಂದೇ ಮಗು, ಪಕ್ಕದಲ್ಲಿ ಮೂರು ಜನ ಕಲಿಸೋರು, ಆದರೂ ಹತ್ತಿರ ಹತ್ತಿರ ಮೂರು ಗಂಟೆ. ನಾವು ಒಂದು ದಿನದಲ್ಲಿ ಐವತ್ತು ಮಕ್ಕಳಿಗೆ ಪೈಥಾನ್, ವೆಬ್, ಆ್ಯಪ್, ರೊಬೊಟಿಕ್ಸ್ ಕಲಿಸ್ತೀವಿ ಅಂತ ಬರೆದಿದ್ದೆವು! ಜೂನಿಯರ್ ಹುಡುಗ ಮಾತಾಡದೆ ತನ್ನ ಲ್ಯಾಪ್‌ಟಾಪಿನಲ್ಲಿದ್ದ ಪೈಥಾನ್ ಸ್ಲೈಡ್‌ಗಳನ್ನು ಮುಚ್ಚಿದ.

ಅಷ್ಟು ಹೊತ್ತೂ ಆ ಅಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹೋಗುವಾಗ ಮೆಲ್ಲಗೆ ಕೇಳಿದರು. "ಇದು ಆದ ಮೇಲೆ ಕೋರ್ಸಿಗೆ ಎಷ್ಟು ಕಟ್ಟಬೇಕು?" ಯಾವ ಕೋರ್ಸೂ ಇಲ್ಲ ಅಂದೆ. ಅವರು ನಂಬಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಹಿಂದೊಮ್ಮೆ ಯಾರೋ ಉಚಿತ ಕ್ಲಾಸು ಅಂತ ಕರೆದು, ಮಗು ಬಹಳ ಚುರುಕು ಅಂತ ಹೊಗಳಿ, ಹನ್ನೆರಡು ಸಾವಿರದ ಪ್ಯಾಕೇಜ್ ಮುಂದಿಟ್ಟಿದ್ದರಂತೆ. ಉಚಿತ ಅನ್ನೋ ಮಾತಿಗೆ ಜನ ಓಡಿ ಬರ್ತಾರೆ ಅಂತ ನಾವು ಅದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ಇವರಿಗೆ ಅದೇ ಮಾತಿನ ಮೇಲೆ ಅನುಮಾನ.

ಎರಡನೇ ಪೋಸ್ಟರನ್ನು ಪೋಸ್ಟರ್ ಅಂತ ಮಾಡಲೇ ಇಲ್ಲ. ಬರೀ ಅಕ್ಷರ, ಕನ್ನಡದಲ್ಲಿ, ವಾಟ್ಸಾಪ್ ಮೆಸೇಜ್. ಬರೆದ ಮೇಲೆ ನನ್ನ ಅಮ್ಮನಿಗೆ ಕೊಟ್ಟು ಓದಿಸಿದೆ, ಅವರು ಕೇಳಿದ ಪ್ರತಿ ಪ್ರಶ್ನೆಗೂ ಒಂದೊಂದು ಸಾಲು ಸೇರಿಸಿದೆ. ನವೆಂಬರ್ 6ಕ್ಕೆ ಹೋದದ್ದು ಇದು:

> 7, 8, 9ನೇ ತರಗತಿ ಮಕ್ಕಳಿಗೆ ಒಂದು ದಿನದ ಕೋಡಿಂಗ್ ಕಾರ್ಯಾಗಾರ
>
> 2024 ನವೆಂಬರ್ 24, ಭಾನುವಾರ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30.
>
> ಜಾಗ: ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್, ಹಾಸನ. 9ರಿಂದ 9:45ರವರೆಗೆ ಹೊಸ ಬಸ್ ನಿಲ್ದಾಣದಲ್ಲಿ ಕಾಲೇಜಿನ ಐಡಿ ಕಾರ್ಡ್ ಹಾಕಿಕೊಂಡ ನಾಲ್ವರು ಇರುತ್ತಾರೆ, ಅವರೇ ಕರೆತರುತ್ತಾರೆ.
>
> ಮಗು ತಾನೇ ಒಂದು ಕಂಪ್ಯೂಟರ್ ಆಟ ಮಾಡುತ್ತದೆ: ಮೇಲಿಂದ ಬೀಳುವ ಸೇಬನ್ನು ಬಟ್ಟಲಲ್ಲಿ ಹಿಡಿಯುವುದು. ಇದುವರೆಗೆ ಕಂಪ್ಯೂಟರ್ ಮುಟ್ಟದ ಮಕ್ಕಳೂ ಬರಬಹುದು. ಹೇಳಿಕೊಡುವುದು ಕನ್ನಡದಲ್ಲಿ.
>
> ಲ್ಯಾಪ್‌ಟಾಪ್ ಬೇಡ. ಲ್ಯಾಬಿನಲ್ಲಿ ಇಬ್ಬರಿಗೆ ಒಂದು ಕಂಪ್ಯೂಟರ್ ಇದೆ.
>
> ತರಬೇಕಾದ್ದು: ನೋಟ್‌ಬುಕ್, ಪೆನ್ನು, ನೀರಿನ ಬಾಟಲಿ. ಸರ್ಕಾರಿ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಇಟ್ಟುಕೊಂಡು ಬನ್ನಿ.
>
> ದುಡ್ಡು ಕೊಡಬೇಕಿಲ್ಲ. ಮಧ್ಯಾಹ್ನದ ಊಟ ನಮ್ಮದು. ಅಲ್ಲಿ ಏನನ್ನೂ ಮಾರುವುದಿಲ್ಲ. ಕೋರ್ಸಿಗೆ ಸೇರಿ ಎಂದು ಆಮೇಲೆ ಫೋನ್ ಮಾಡುವುದಿಲ್ಲ.
>
> ಜಾಗ 50. ಅದರಲ್ಲಿ 25 ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ.
>
> ಹೆಸರು ಕೊಡಲು ಈ ಎರಡು ನಂಬರಿಗೆ ಸಂಜೆ 5ರಿಂದ 8ರೊಳಗೆ ಫೋನ್ ಮಾಡಿ, ಇಲ್ಲವೇ ಮೆಸೇಜ್ ಹಾಕಿ. ಮಗುವಿನ ಹೆಸರು, ತರಗತಿ, ಶಾಲೆ, ಊರು ಸಾಕು. ಕೊನೇ ದಿನ ನವೆಂಬರ್ 20.

ಕೆಳಗೆ ಎರಡು ನಂಬರ್, ಒಂದು ನನ್ನದು, ಒಂದು ಜೂನಿಯರ್ ಹುಡುಗಿಯದು.

ಆಧಾರ್ ಸಾಲು ಅಮ್ಮನದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಲ್ಲ, ಅದಕ್ಕೆ ಗುರುತಿನ ಚೀಟಿ ತೋರಿಸಬೇಕು. ದೊಡ್ಡವರ ಹತ್ತಿರ ಯಾವಾಗಲೂ ಇರುತ್ತೆ, ಒಬ್ಬಳೇ ಬರುವ ಹುಡುಗಿ ಮನೆಯಲ್ಲಿ ಬಿಟ್ಟು ಬರ್ತಾಳೆ. ಕಂಡಕ್ಟರ್ ಕೇಳಿದರೆ ದುಡ್ಡೂ ಇರಲ್ಲ.

ಸಂಜೆ 3:30ಕ್ಕೆ ಮುಗಿಸಿದ್ದರ ಹಿಂದೆಯೂ ಬಸ್ಸೇ ಇದೆ. ಬೇಲೂರು, ಸಕಲೇಶಪುರ, ಅರಸೀಕೆರೆ ಎಲ್ಲ ಹಾಸನದಿಂದ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್. ಅಲ್ಲಿಗೆ ಬಸ್ ಬೇಕಾದಷ್ಟಿವೆ. ತೊಂದರೆ ಇರೋದು ಅಲ್ಲಿಂದ ಊರಿಗೆ. ನವೆಂಬರ್ ಕೊನೆಯಲ್ಲಿ ಆರು ಗಂಟೆಗೆ ಕತ್ತಲು. ಮೊದಲ ಪೋಸ್ಟರಿನ 5:30 ಹಾಸನ ಪೇಟೆಯೊಳಗಿನ ಮಕ್ಕಳಿಗೆ ಮಾತ್ರ ಆಗುವ ಹೊತ್ತು.

ಫಾರಂ ತೆಗೆದುಹಾಕಿದ್ದಕ್ಕೆ ಕ್ಲಬ್ಬಿನಲ್ಲಿ ಸ್ವಲ್ಪ ಗಲಾಟೆ ಆಯಿತು. ಟೆಕ್ನಿಕಲ್ ಕ್ಲಬ್ಬಿನವರು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳೋದಾ ಅಂತ. ಬರೆದುಕೊಂಡೆವು. ಒಂದು ಫೋನಿಗೆ ಮೂರು ನಾಲ್ಕು ನಿಮಿಷ, ನೂರಕ್ಕೂ ಜಾಸ್ತಿ ಫೋನ್ ಬಂದವು, ನಿಜಕ್ಕೂ ಸುಸ್ತಾಯಿತು. ಐನೂರು ಮಕ್ಕಳಿಗೆ ಮಾಡುವುದಾದರೆ ಈ ದಾರಿ ಆಗಲ್ಲ. ಆದರೆ ಫಾರಂ ಕೊಡದ ಒಂದು ಲಾಭ ಇದರಲ್ಲಿತ್ತು. ಜನ ಏನು ಕೇಳ್ತಾರೆ ಅನ್ನೋದು ಹೆಸರಿನ ಪಕ್ಕದಲ್ಲೇ ಬಿತ್ತು. ಜಾಸ್ತಿ ಬಂದದ್ದು, ವಾಪಸ್ ಬಸ್ಸಿಗೆ ಯಾರು ಹತ್ತಿಸ್ತಾರೆ. ಬೆಳಿಗ್ಗೆ ಕರೆತರೋದು ಬರೆದಿದ್ದೆ, ಸಂಜೆ ಬಿಟ್ಟುಬರೋದು ಬರೆದಿರಲಿಲ್ಲ. ಆಮೇಲೆ, ಕಲಿಸೋರಲ್ಲಿ ಹೆಣ್ಣುಮಕ್ಕಳು ಇದ್ದಾರಾ. ಅದಕ್ಕೇ ಇರಬೇಕು, ಜೂನಿಯರ್ ಹುಡುಗಿಯ ನಂಬರಿಗೆ ನನಗಿಂತ ಎರಡರಷ್ಟು ಫೋನ್ ಬಂದವು. ಇನ್ನೊಂದು, ತಮ್ಮ ಐದನೇ ಕ್ಲಾಸು, ಅವನನ್ನೂ ಕರ್ಕೊಂಡು ಬರಲಾ. ಇಲ್ಲ ಅಂತ ಹೇಳೋದು ಕಷ್ಟವಾಯಿತು, ಹೇಳಿದೆವು.

ಜಾಗ ಹಂಚಿದ್ದು ಒಳ್ಳೇದಾಯಿತು. ಖಾಸಗಿ ಶಾಲೆಯ 25 ಎರಡೇ ಸಂಜೆಯಲ್ಲಿ ಮುಗಿದವು. ಟ್ಯೂಷನ್ ಗುಂಪು, ಅಪಾರ್ಟ್‌ಮೆಂಟ್ ಗುಂಪು, ಅಲ್ಲಿ ಮೆಸೇಜ್ ಬೆಂಕಿ ಹಾಗೆ ಓಡುತ್ತೆ. ಸರ್ಕಾರಿ ಶಾಲೆಯ 25 ತುಂಬೋಕೆ ಹನ್ನೊಂದು ದಿನ ಬೇಕಾಯಿತು. ಅಲ್ಲಿ ಮಕ್ಕಳಿಗೆ ಸುದ್ದಿ ತಲುಪೋದು ಎಚ್ಎಂ ಮೂಲಕ, ಬೆಳಗಿನ ಪ್ರಾರ್ಥನೆ ಆದ ಮೇಲೆ ಓದಿದಾಗ. ಆಲೂರಿನ ಆ ಮೇಷ್ಟ್ರು ಮೆಸೇಜನ್ನು ಪ್ರಿಂಟ್ ತೆಗೆಸಿ ನೋಟಿಸ್ ಬೋರ್ಡಿಗೆ ಹಚ್ಚಿ, ಅಕ್ಕಪಕ್ಕದ ಮೂರು ಶಾಲೆಗೂ ಜೆರಾಕ್ಸ್ ಕಳಿಸಿದ್ದರು. "ಮೊದಲಿಂದೂ ಜೆರಾಕ್ಸ್ ಮಾಡಿಸಿದ್ದೆ ಕಣಯ್ಯ, ಪೂರ್ತಿ ಕಪ್ಪು ಹಾಳೆ ಬಂತು. ಅಂಗಡಿಯವನು ಟೋನರ್ ಖಾಲಿ ಮಾಡಿಸಿದ್ರಿ ಅಂತ ಬೈದ" ಅಂದರು.

ಶುಕ್ರವಾರ, ಶನಿವಾರ ಎಲ್ಲ ಮನೆಗೂ ಮತ್ತೆ ಫೋನ್ ಮಾಡಿದೆವು. ಬರಲ್ಲ ಅಂದವರ ಜಾಗಕ್ಕೆ ಕಾಯುತ್ತಿದ್ದವರನ್ನು ಸೇರಿಸಿದೆವು. ದುಡ್ಡು ಕಟ್ಟದ ಕಾರ್ಯಕ್ರಮಕ್ಕೆ ಹೆಸರು ಕೊಟ್ಟವರೆಲ್ಲ ಬರಲ್ಲ, ಅದು ಗೊತ್ತಿದ್ದದ್ದೇ. ಐವತ್ತಕ್ಕೆ ನಲವತ್ತಾರು ಬಂದರು.

ಆ ದಿನದ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಮುಕ್ಕಾಲು ಪಾಲು ಬೇಲೂರಿನ ಹುಡುಗಿ ಮೊದಲೇ ತೋರಿಸಿದ ತೊಂದರೆಗಳೇ. ಮೌಸ್ ಎಳೆಯೋದಕ್ಕೇ ಮೊದಲ ಅರ್ಧ ಗಂಟೆ ಇಟ್ಟಿದ್ದೆವು. ಇಬ್ಬರಿಗೆ ಒಂದು ಸಿಸ್ಟಮ್ ಅಂದರೆ ಒಬ್ಬರೇ ಮೌಸ್ ಹಿಡಿದು ಇನ್ನೊಬ್ಬರು ನೋಡ್ತಾ ಕೂರ್ತಾರೆ, ಅದಕ್ಕೆ ಹದಿನೈದು ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಜಾಗ ಬದಲಿಸಿದೆವು. ಊಟಕ್ಕೆ ಪಲಾವ್, ಮೊಸರನ್ನ.

ಹೊಸದಾಗಿ ಎದ್ದ ಒಂದು ಸಮಸ್ಯೆ ಮಾತ್ರ ಹೇಳಬೇಕು. ಎರಡು ಗಂಟೆ ಹೊತ್ತಿಗೆ ಒಬ್ಬ ಹುಡುಗ ಕುರ್ಚಿ ಮೇಲೆ ನಿಂತು "ಒಂದು ಸೇಬಿಗೆ ನಂಗೆ ಏಳು ಪಾಯಿಂಟು!" ಅಂತ ಕೂಗಿದ. ಪಕ್ಕದವರಿಗೆ ಒಂದೇ ಬರ್ತಿತ್ತು. ಎಲ್ಲರೂ ಅವನ ಸಿಸ್ಟಮ್ ಸುತ್ತ ಸೇರಿದರು, ನಮಗೂ ಅದೇನು ಮಜಾ ಅಂತ. ಆಗಿದ್ದು ಇಷ್ಟು. ಸೇಬು ಬಟ್ಟಲಿಗೆ ತಾಗಿದರೆ ಅಂಕಕ್ಕೆ ಒಂದು ಕೂಡಿಸು, ಆಮೇಲೆ ಸೇಬನ್ನು ಮೇಲಕ್ಕೆ ಕಳಿಸು, ಹೀಗೆ ಎರಡು ತುಂಡು ಇರಬೇಕು. ಅವನು ಎರಡನೆಯದನ್ನು ಹಾಕಿರಲಿಲ್ಲ. `forever` ಸೆಕೆಂಡಿಗೆ ಸುಮಾರು 30 ಸಲ ಸುತ್ತುತ್ತೆ. ಸೇಬು ಬಟ್ಟಲನ್ನು ದಾಟಿ ಕೆಳಗೆ ಹೋಗುವಷ್ಟರಲ್ಲಿ ಏಳು ಸಲ "ತಾಗಿದೆ" ಅಂತ ಉತ್ತರ ಬಂತು, ಏಳು ಅಂಕ ಬಿತ್ತು. ವಿಷಯ ತಿಳಿದ ಮೇಲೆ ಅವನು ಸರಿಮಾಡಿಕೊಳ್ಳೋಕೆ ಒಪ್ಪಲಿಲ್ಲ. ಉಳಿದವರು ತಮ್ಮದರಲ್ಲೂ ಆ ತುಂಡು ಕಿತ್ತುಹಾಕಿದರು. ನಾವು ಬರೆದುಕೊಂಡಿದ್ದ ಪಾಠ ಅಲ್ಲಿಗೆ ಮುಗಿಯಿತು, ಕೊನೇ ಒಂದು ಗಂಟೆ ಯಾರ ಅಂಕ ಎಷ್ಟು ಜಾಸ್ತಿ ಮಾಡಬಹುದು ಅನ್ನೋದೇ ನಡೆಯಿತು.

ಮೆಸೇಜಿನಲ್ಲಿ ಬರೆಯಬೇಕಿದ್ದ ಇನ್ನೊಂದು ಸಾಲು ಮೂರೂವರೆಗೆ ನೆನಪಾಯಿತು. "ಇದನ್ನ ಮನೆಗೆ ಹೆಂಗೆ ತಗೊಂಡು ಹೋಗೋದು ಅಣ್ಣ?" ಅಂತ ಮಕ್ಕಳು ಕೇಳಿದರು. ಆಟ `.sb3` ಅನ್ನೋ ಫೈಲ್ ಆಗಿ ಉಳಿಯುತ್ತೆ, ಅದನ್ನು ತೆರೆಯೋಕೆ ಸ್ಕ್ರ್ಯಾಚ್ ಬೇಕು, ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಪರದೆಯ ಮೇಲೆ ಆಟ ಓಡುವಾಗ ಮಗುವಿನ ಮುಖ ಬರದ ಹಾಗೆ ಇಪ್ಪತ್ತು ಸೆಕೆಂಡಿನ ವಿಡಿಯೋ ತೆಗೆದು, ಪ್ರತಿಯೊಬ್ಬರ ಮನೆಯ ನಂಬರಿಗೆ ಕಳಿಸಿದೆವು. ಇಪ್ಪತ್ಮೂರು ವಿಡಿಯೋ. ಒಂದೊಂದು ಜೋಡಿಗೆ ಎರಡು ಮನೆ.

ಬೇಲೂರಿನ ಹುಡುಗಿಯೂ ಬಂದಿದ್ದಳು, ಮಗುವಾಗಿ ಅಲ್ಲ, ಕಲಿಸೋಕೆ. ರೈಲಿನ ಬೋಗಿ ಎಳೆದು ತೋರಿಸುತ್ತಾ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಓಡಾಡುತ್ತಿದ್ದಳು.

ನಾನೀಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೀನಿ, ನಂಬರ್ ಅದೇ. 2025ರ ಅಕ್ಟೋಬರ್‌ನಲ್ಲಿ ಆಫೀಸಿನಲ್ಲಿದ್ದಾಗ ಹಾಸನದ ಕಡೆಯಿಂದ ಒಂದು ಫೋನ್ ಬಂತು. ಯಾರೋ ಅಮ್ಮ, ಗುರುತಿಲ್ಲ. ಕಪ್ಪು ಪೋಸ್ಟರ್ ಎಲ್ಲಿಂದಲೋ ಫಾರ್ವರ್ಡ್ ಆಗಿ ಅವರ ಫೋನಿಗೆ ಬಂದಿತ್ತು. ಅದರಲ್ಲಿ ವರ್ಷ ಹಾಕಿರಲಿಲ್ಲ.

"ಅಲ್ಲಪ್ಪ, ಅಕ್ಟೋಬರ್ 27 ಭಾನುವಾರ ಅಂತ ಹಾಕಿದ್ದೀರ, ಕ್ಯಾಲೆಂಡರಲ್ಲಿ 27 ಸೋಮವಾರ ಇದೆ. ಮಗೂನ ಯಾವತ್ತು ಕಳಿಸಲಿ?"